ಸಹಾಯ ಬೇಕು: ಅಂಟಿನುಂಡೆ ಡಬ್ಬಿಯ ಅಜ್ಜಿ ಕಥೆಗೆ ಕೊನೆಯ ಸಾಲು

ನಮಸ್ಕಾರ್ರೀ. ಪುಣೆಯ ಸಿಹಿತಿಂಡಿ ಕಂಪನಿಯೊಂದರ 250 ಗ್ರಾಂ ಅಂಟಿನುಂಡೆ ಡಬ್ಬಿಯ ಹಿಂಬದಿಗೆ ಪುಟ್ಟ ಕಥೆ ಬೇಕು. ಮುಂದೆ ಹೇಗೂ ‘ಡಿಂಕಾಚೆ ಲಾಡು’ ಅಂತ ಇದೆ, ಹಿಂದೆ ಕನ್ನಡ. ಈಗಿನ ಕರಡು:

“ತುಪ್ಪ ಕಾದ ಮೇಲೆ ಅಜ್ಜಿ ಅಂಟನ್ನು ಸ್ವಲ್ಪಸ್ವಲ್ಪವೇ ಬಿಡುತ್ತಿದ್ದಳು. ಅರಳಿನ ಹಾಗೆ ಉಬ್ಬಿದ್ದನ್ನು ತೆಗೆದು, ಒಂದನ್ನು ಬೆರಳಲ್ಲಿ ಒತ್ತಿ ನೋಡುವಳು. ಪುಡಿಯಾದರೆ ಸರಿ, ಒಳಗೆ ಗಟ್ಟಿ ಕಾಳು ಸಿಕ್ಕರೆ ಹಲ್ಲಿಗೆ ಅಂಟುತ್ತದೆಂದು ಮತ್ತೆ ತುಪ್ಪಕ್ಕೆ. ಮನೆಯಲ್ಲೇ ಮಾಡಿದ ಈ ಉಂಡೆ ಬಾಣಂತಿಯ ಸೊಂಟನೋವಿಗೆ ಮದ್ದು.”

ಮೊದಲ ಮೂರು ಸಾಲು ಮುಟ್ಟುವುದು ಬೇಡ. ಎಲ್ಲ ಡಬ್ಬಿಯ ಮೇಲೂ ಇರುವ ‘ಪ್ರೀತಿಯ ಕೈರುಚಿ’ಗಿಂತ ಒತ್ತಿ ನೋಡುವ ಆ ಬೆರಳೇ ನಂಬಿಕೆ ಹುಟ್ಟಿಸುತ್ತದೆ. ತೊಡಕು ಕೊನೆಯ ಸಾಲಿನದು. ಉಂಡೆ ತಯಾರಾಗುವುದು ಕಾರ್ಖಾನೆಯಲ್ಲಿ. ಓದಿದವರಿಗೆ ತಪ್ಪು ಕಲ್ಪನೆ ಕೊಡುವ ‘ಮನೆಯಲ್ಲಿ ಮಾಡಿದ’ ಎಂಬಂಥ ಮಾತನ್ನು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2018ರ ಜಾಹೀರಾತು ನಿಯಮಗಳು ಒಪ್ಪುವುದಿಲ್ಲ. ನೋವಿಗೆ ಮದ್ದು ಎನ್ನುವಂತೆಯೂ ಇಲ್ಲ. ‘ಸಾಂಪ್ರದಾಯಿಕ’ ಎಂದು ಬರೆಯಬೇಕಾದರೆ ಪಾಕವಿಧಾನ ತಲೆಮಾರುಗಳಿಂದ ಹೆಚ್ಚುಕಡಿಮೆ ಬದಲಾಗದೆ ಬಂದಿರಬೇಕು. ಇಲ್ಲಿ ಬೆಲ್ಲದ ಜತೆ ಸಕ್ಕರೆಯೂ ಸೇರಿದೆ, ಹಾಗಾಗಿ ಅದೂ ಬೇಡ.

ಬಾಣಂತನದ ನೆನಪು ಉಳಿಯಬೇಕು, ಔಷಧದ ಮಾತು ಬರಬಾರದು. ಹತ್ತು ಪದದೊಳಗೆ, ಧಾರವಾಡ ಕಡೆಯ ಮಾತಿನಲ್ಲಿ ಒಂದು ಸಾಲು ಹೊಳೆದರೆ ದಯವಿಟ್ಟು ಬರೀರಿ. ಶುಕ್ರವಾರ ಡಬ್ಬಿ ಮುದ್ರಣಕ್ಕೆ ಹೋಗುತ್ತದೆ.