ಕೂಲರ್ ಪ್ಯಾಡ್: ಮರದ ನಾರೋ, ಹನಿಕೋಂಬೋ?

ಕೇಳಿದವರು: ಮರದ ನಾರಿನ ಪ್ಯಾಡ್ ಇರುವ ನಮ್ಮ ಡೆಸರ್ಟ್ ಕೂಲರ್ ಎರಡನೆಯ ಬೇಸಿಗೆಗೇ ಬೆಚ್ಚನೆಯ ಗಾಳಿ ಬೀಸುತ್ತಿದೆ. ಪ್ಯಾಡ್ ಹೋಗಿದೆ ಎಂದು ತಿಳಿಯುವುದು ಹೇಗೆ? ಬದಲಿಗೆ ಹನಿಕೋಂಬ್ ಹಾಕಿಸಲೇ?

ಮೊದಲನೆಯವರು: ಯೋಚಿಸದೆ ಹನಿಕೋಂಬ್ ಹಾಕಿಸಿ. ನಾರಿನದು ಒಂದು ಬೇಸಿಗೆಗೆ ಮುಗಿಯುತ್ತದೆ. ನಮ್ಮ ಹನಿಕೋಂಬಿಗೆ ಇದು ಮೂರನೆಯ ವರ್ಷ. ಅದಕ್ಕೆ ಉಪ್ಪು ಕಟ್ಟುವುದೂ ಇಲ್ಲ.

ಕೂಲರ್ ರಿಪೇರಿ ಮಾಡುವವರು: ಬಾಳಿಕೆಯ ಮಾತು ಸರಿ, ಉಪ್ಪಿನ ಮಾತು ಸರಿಯಲ್ಲ. ನೀರು ಆವಿಯಾದರೂ ಅದರಲ್ಲಿದ್ದ ಸುಣ್ಣದಂಶ ಹಿಂದೆಯೇ ಉಳಿಯುವುದರಿಂದ, ಗಡಸು ನೀರಿನಲ್ಲಿ ಎರಡಕ್ಕೂ ಬಿಳಿ ಪೊರೆ ಕಟ್ಟುತ್ತದೆ. ಹನಿಕೋಂಬಿನ ಸಣ್ಣ ಕಿಂಡಿಗಳಲ್ಲಿ ಅದು ಗಟ್ಟಿಯಾದರೆ ಬ್ರಷ್ ಹಾಕಿ ಉಜ್ಜುವಂತಿಲ್ಲ, ಕಾಗದವೇ ಹರಿಯುತ್ತದೆ. ನಾರಿನ ಪ್ಯಾಡಿನ ರೋಗ ಬೇರೆ: ನೆನೆದ ನಾರು ತನ್ನ ಭಾರಕ್ಕೇ ಕುಸಿದು ಮೇಲ್ಗಡೆ ಸಂದು ಬಿಡುತ್ತದೆ, ಫ್ಯಾನು ಎಳೆಯುವ ಗಾಳಿ ಅಡ್ಡಿಯಿಲ್ಲದ ಆ ಸಂದಿನಿಂದಲೇ ಹೆಚ್ಚಾಗಿ ನುಗ್ಗುತ್ತದೆ. ಪಂಪು ಹಾಕಿ ಹತ್ತು ನಿಮಿಷ ಬಿಟ್ಟು, ಸ್ವಿಚ್ ಆರಿಸಿ ಪ್ಲಗ್ ಕಿತ್ತು, ಫ್ರೇಮ್ ತೆಗೆದು ನೋಡಿ. ಉದ್ದುದ್ದ ಒಣ ಪಟ್ಟಿಗಳು ಕಂಡರೆ ಮೊದಲು ಮೇಲಿನ ನೀರಿನ ತೂತುಗಳನ್ನು ಚುಚ್ಚಿ ಬಿಡಿಸಿ. ಎಷ್ಟೋ ಸಲ ತಪ್ಪು ಪ್ಯಾಡಿನದಾಗಿರುವುದಿಲ್ಲ.

ಇನ್ನೊಬ್ಬರು: ನಮ್ಮ ಕೂಲರಿನಲ್ಲಿ ಕೊಳೆತ ವಾಸನೆ ಬರುತ್ತದೆ. ಇದಕ್ಕೂ ಪ್ಯಾಡ್ ಬದಲಿಸಬೇಕೇ?

ರಿಪೇರಿ ಮಾಡುವವರು: ಕೇಳಿದ ಪ್ರಶ್ನೆ ಅದಲ್ಲ, ಆದರೂ ಹೇಳುತ್ತೇನೆ. ತೊಟ್ಟಿಯ ನೀರು ಪೂರ್ತಿ ಚೆಲ್ಲಿ ತೊಳೆಯಿರಿ. ದಿನವೂ ನಿಲ್ಲಿಸುವ ಮೊದಲು ಪಂಪು ಆರಿಸಿ ಫ್ಯಾನು ಮಾತ್ರ ಸ್ವಲ್ಪ ಹೊತ್ತು ಓಡಿಸಿ ಪ್ಯಾಡ್ ಒಣಗಿಸಿ. ವಾಸನೆ ಆಮೇಲೂ ಉಳಿದರೆ ಬದಲಿಸಿ.

ಕೇಳಿದವರು: ತೂತುಗಳು ಚೆನ್ನಾಗಿವೆ, ಪ್ಯಾಡಿನ ಮೇಲ್ಗಡೆ ನಾಲ್ಕು ಬೆರಳು ಸಂದಿದೆ. ಹೊರಗೆ 38 ಡಿಗ್ರಿ, ಕೂಲರಿನ ಬಾಯಲ್ಲಿ 33.

ರಿಪೇರಿ ಮಾಡುವವರು: ಥರ್ಮಾಮೀಟರಿನ ತುದಿಗೆ ಒದ್ದೆ ಹತ್ತಿ ಸುತ್ತಿ, ಹೊರಗೆ ನೆರಳಿನಲ್ಲಿ ಬೀಸುಗಾಳಿಗೆ ಹಿಡಿದು ಇನ್ನೊಂದು ಅಳತೆ ಕೊಡಿ. ಕೂಲರ್ ಅದಕ್ಕಿಂತ ಕೆಳಗೆ ಇಳಿಸಲಾರದು; ತೇವದ ದಿನ ಹೊಸ ಪ್ಯಾಡ್ ಕೂಡ ಸೋಲುವುದು ಇದಕ್ಕೇ.

ಕೇಳಿದವರು: 24 ತೋರಿಸಿತು.

ರಿಪೇರಿ ಮಾಡುವವರು: ಹಾಗಾದರೆ ಇಳಿಯಬಹುದಾದ 14 ಡಿಗ್ರಿಯಲ್ಲಿ ಇಳಿದದ್ದು 5 ಮಾತ್ರ. ಒಳ್ಳೆಯ ಪ್ಯಾಡ್, ಯಾವುದೇ ಬಗೆಯದಿರಲಿ, 10ರ ಹತ್ತಿರ ಇಳಿಸಬೇಕು. ಬದಲಿಸಿ. ಹನಿಕೋಂಬ್ ಬೇಕೆಂದರೆ ಫ್ರೇಮಿನ ಆಳ ಮೊದಲು ಅಳೆಯಿರಿ. ನಾರಿಗಾಗಿ ಮಾಡಿದ ತೆಳು ಫ್ರೇಮಿಗೆ ದಪ್ಪ ಪ್ಯಾಡ್ ಕೂರುವುದಿಲ್ಲ, ತುರುಕಿದರೆ ಅಂಚಿನಲ್ಲಿ ಮತ್ತೆ ಸಂದು ಉಳಿಯುತ್ತದೆ.

ಮೊದಲನೆಯವರು: ನಮ್ಮಲ್ಲಿ ತುರುಕಿಯೇ ಕೂರಿಸಿದ್ದಾರೆ, ತಣ್ಣಗೇ ಇದೆ.

ಕೇಳಿದವರು: ನಮ್ಮ ಫ್ರೇಮಿನ ಆಳ ಒಂದೂವರೆ ಇಂಚು. ಸದ್ಯಕ್ಕೆ ಹೊಸ ನಾರನ್ನೇ, ಮೇಲ್ಗಡೆ ಒತ್ತಾಗಿ ತುಂಬಿಸಿ ಹಾಕಿಸಿದೆ. ಇಂದು ಹೊರಗೆ 38 ಇದ್ದಾಗ ಬಾಯಲ್ಲಿ 29.