ಫೀಡ್‌ಬ್ಯಾಕ್ ಲೂಪಿಗೆ ಕನ್ನಡದಾಗ ಏನಂತ ಬರೀಲಿ? ನಾಳೆ ಮುಂಜಾನೆ ಚಾರ್ಟ್ ಪ್ರಿಂಟಿಗೆ ಹೋಗ್ಬೇಕು

ಸಿಂಧನೂರಿನಿಂದ:
ನಮಸ್ಕಾರ್ರಿ ಎಲ್ಲರಿಗೂ. ತುಂಗಭದ್ರಾ ಎಡದಂಡೆ ಕಾಲುವೆ ಭಾಗದ ಸವಳು ಜಮೀನಿನ ಬಗ್ಗೆ ಆದ ಲೆಕ್ಚರನ್ನ ಬಾಣದ ಚಿತ್ರ ಮಾಡಕತ್ತೀನಿ. ಸರ್ ಹೇಳಿದ್ದು ಇಷ್ಟು: ಭತ್ತ ಹೆಚ್ಚಾದಂಗ ನೆಲದೊಳಗಿನ ನೀರು ಮ್ಯಾಲೆ ಬರ್ತೈತಿ, ಆ ನೀರು ಆರಿ ಉಪ್ಪು ಉಳೀತೈತಿ, ಶೇಂಗಾ ಕಡ್ಲಿ ಬರಲ್ಲ, ನಿಂತ ನೀರಾಗ ಉಪ್ಪು ಕೆಳಗಿಳಿಯೋದ್ರಿಂದ ಭತ್ತ ಒಂದು ಬರ್ತೈತಿ, ಹಂಗಾಗಿ ಮತ್ತ ಭತ್ತ. ಇದು ಪಾಸಿಟಿವ್ ಫೀಡ್‌ಬ್ಯಾಕ್ ಅಂತ. 'ಧನಾತ್ಮಕ ಹಿಮ್ಮಾಹಿತಿ' ಅಂತ ಬರ್ದೆ, ಒಬ್ಬ ಹುಡುಗ 'ಹೊಲ ಹಾಳಾಗೋದ್ರಾಗ ಧನಾತ್ಮಕ ಏನೈತ್ರಿ' ಅಂದ.

ಬಳ್ಳಾರಿಯಿಂದ:
ಉಪ್ಪು ಯಾರಿಗೆ ಮಾಹಿತಿ ಕೊಡ್ತದ್ರಿ? ಮಾಹಿತಿ ಅನ್ನೋದೇ ಮರಾಠಿ ಕಡೆಯಿಂದ ಬಂದದ್ದು. ಊಡು ಅಂತ ನಮ್ಮದೇ ಧಾತು ಐತಿ, ಹಾಲೂಡು ಅನ್ನಲ್ವಾ, 'ಹಿನ್ನೂಡಿಕೆ' ಅನ್ರಿ. ಮುಗೀತು.

ಕೊಪ್ಪಳದಿಂದ:
ಹಿನ್ನೂಡಿಕೆ ಅಂದ್ರ ಹುಡುಗರು ಊಟ ಅಂತಾರ. 'ವಿಷಚಕ್ರ' ಸಾಕು. ಅಂದಹಾಗೆ ಒಂದು ಏರಿದ್ರ ಇನ್ನೊಂದು ಇಳಿಯೋ ಬಾಣಕ್ಕ ಮೈನಸ್ ಹಾಕ್ತೀವಲ್ಲ, ನಿಮ್ಮ ಚಿತ್ರದಾಗ ಅಂಥವು ಎರಡು ಬರ್ತಾವ, ಸವಳಿನಿಂದ ಶೇಂಗಾಕ್ಕೊಂದು, ಶೇಂಗಾದಿಂದ ಭತ್ತಕ್ಕೊಂದು. ಮೈನಸ್ ಇದ್ದ ಮ್ಯಾಲೆ ಅದು ನೆಗೆಟಿವ್ ಲೂಪ್ ಅಲ್ಲೇನು?

ಗಂಗಾವತಿಯಿಂದ:
ಅಲ್ಲ. ಮೈನಸ್ ಎಣಿಸ್ರಿ, ಸರಿಸಂಖ್ಯೆ ಬಂದ್ರ ಸುತ್ತು ತನ್ನನ್ನ ತಾನೇ ದೂಡ್ಕೋತದ, ಬೆಸ ಬಂದ್ರ ತಡೀತದ. ಶೇಂಗಾ ಇಳುವರಿ ಇಳಿದ್ರ ಭತ್ತದ ಎಕರೆ ಏರ್ತದ, ಉಲ್ಟಾದ ಉಲ್ಟಾ ಆಯ್ತಲ್ಲ. 'ವಿಷ'ನೂ ಬ್ಯಾಡ, ಬಸಿಗಾಲುವೆ ತೋಡಿ ನೀರಿನ ಮಟ್ಟ ಇಳಿಸಿ ಉಪ್ಪು ತೊಳೆದ್ರ ಶೇಂಗಾ ಬರ್ತದ, ಭತ್ತ ಕಮ್ಮಿ ಆಗ್ತದ, ಅವೇ ಬಾಣಗಳು ಒಳ್ಳೇದನ್ನೂ ದೂಡ್ತಾವ. ನಾನಾದ್ರ 'ಒತ್ತಾಸೆ ಸುತ್ತು', 'ತಡೆ ಸುತ್ತು' ಅಂತ ಬರೀತಿದ್ದೆ. ಇನ್ನೊಂದು, ಡಬ್ಬಿಯೊಳಗ 'ಭತ್ತ ನಾಟಿ ಮಾಡಿದರು' ಅಂತ ಬರೀಬ್ಯಾಡ್ರಿ, 'ಭತ್ತದ ಎಕರೆ' ಅಂತ ಬರೀರಿ, ಏರೋದು ಇಳಿಯೋದು ಕಾಣಬೇಕು, ಇಲ್ಲಾಂದ್ರ ಬಾಣದ ಗುರುತಿಗೆ ಅರ್ಥಾನೇ ಇಲ್ಲ. ಉಪ್ಪಿನ ಬಾಣದ ಮ್ಯಾಲೆ ಎರಡು ಅಡ್ಡಗೀಟು ಹಾಕ್ರಿ, ಅದು ವರ್ಷಗಟ್ಟಲೆ ತಗೋತದ.

ಕಾರಟಗಿಯಿಂದ:
ನಮ್ಮ ಹೊಲದಾಗ ಭತ್ತಾನೂ ಅಲ್ಲಲ್ಲಿ ಸುಟ್ಟೋಗೈತ್ರಿ. ಜಿಪ್ಸಂ ಹಾಕ್ಬೇಕಾ?

ಗಂಗಾವತಿಯಿಂದ:
ಜಿಪ್ಸಂ ಸೋಡಿಯಂ ಹೆಚ್ಚಿರೋ ಕರ್ಲು ಭೂಮಿಗೆ, ಬರೇ ಉಪ್ಪಿದ್ರ ತೊಳೆದು ಬಸೀಬೇಕು. ಮೊದಲು ಮಣ್ಣು ಪರೀಕ್ಷೆ ಮಾಡಿಸ್ರಿ. ಆದ್ರ ನೀವು ಹೇಳಿದ್ದು ಚಿತ್ರಕ್ಕ ಬೇಕಾದದ್ದೇ. ಉಪ್ಪು ಮಿತಿಮೀರಿದ್ರ ಭತ್ತದ ಇಳುವರಿ ಇಳೀತದ, ಆಮ್ಯಾಲೆ ಎಕರೆನೂ. ಅಲ್ಲಿ ಮೈನಸ್ ಒಂದೇ, ಅದು ತಡೆ ಸುತ್ತು. ಲೆಕ್ಚರಿನಾಗ ಇದು ಬಿಟ್ಟೋಗಿರಬೇಕು.

ಬಳ್ಳಾರಿಯಿಂದ:
ಹೊಲದ ಮಾತು ಸಾಕು. 'ಒತ್ತಾಸೆ'ದಾಗಿನ 'ಆಸೆ' ಸಂಸ್ಕೃತದ ಆಶಾ ಅಲ್ಲೇನು?

ಕೊಪ್ಪಳದಿಂದ:
ನಿಮ್ಮ 'ಧಾತು' ಯಾವ ಊರಿಂದು?

ಸಿಂಧನೂರಿನಿಂದ:
ಒತ್ತಾಸೆ, ತಡೆ ಅಂತಾನೇ ಹಾಕ್ದೆ. ಭತ್ತದ ತಡೆ ಸುತ್ತನ್ನ ಚುಕ್ಕಿಗೆರೆಯಾಗ ಬರ್ದೀನಿ, ಸರ್‌ನ ಕೇಳಿ ಗಟ್ಟಿ ಮಾಡ್ತೀನಿ. 'ಫೀಡ್‌ಬ್ಯಾಕ್' ಹಂಗೇ ಬಿಟ್ಟೀನಿ, ಬೈಬ್ಯಾಡ್ರಿ.