‘ಮೂರು ತಿಂಗಳ ಶುಗರ್’ ಅಂತ ಅಚ್ಚು ಹಾಕಿಸಬಹುದಾ?

ಕೊಪ್ಪಳದಿಂದ:
ಸಕ್ಕರೆ ಕಾಯಿಲೆಯ ಕರಪತ್ರ ಬರೆಯುತ್ತಿದ್ದೇನೆ. ಎಚ್‌ಬಿಎ1ಸಿ ಪರೀಕ್ಷೆಗೆ ನಮ್ಮಲ್ಲಿ ಎಲ್ಲರೂ ‘ಮೂರು ತಿಂಗಳ ಶುಗರ್’ ಅಂತಾರೆ. ಈ ಮಾತೇ ನಮ್ಮ ಓಣಿಯ ಅಕ್ಕನೊಬ್ಬರನ್ನು ಹೆದರಿಸಿದೆ. ಅವರಿಗೆ ಖಾಲಿ ಹೊಟ್ಟೆಯಲ್ಲಿ 92, ಊಟವಾಗಿ ಎರಡು ತಾಸಿಗೆ 126. ಎರಡೂ ಸರಿ ಇವೆ. ಆದರೆ ಎಚ್‌ಬಿಎ1ಸಿ 6.7 ಬಂದಿದೆ. 6.5 ದಾಟಿದರೆ ಸಕ್ಕರೆ ಕಾಯಿಲೆ ಅಂತಾರೆ. ಯಾವುದನ್ನು ನಂಬಬೇಕು? ಅವರಿಗೆ ರಕ್ತ ಕಡಿಮೆ, ಹಿಮೋಗ್ಲೋಬಿನ್ ಬರೀ 7.6.

ಬಳ್ಳಾರಿಯಿಂದ:
ಪದ ಸರಿಯಾಗೇ ಇದೆ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ, ಅಷ್ಟು ದಿನದ ಲೆಕ್ಕ ಅದು. ರಕ್ತ ಕಡಿಮೆ ಇದ್ದರೂ ಚಿಂತೆಯಿಲ್ಲ. ನೂರು ಹಿಮೋಗ್ಲೋಬಿನ್‌ನಲ್ಲಿ ಎಷ್ಟಕ್ಕೆ ಸಕ್ಕರೆ ಅಂಟಿದೆ ಅಂತ ತಾನೇ ನೋಡೋದು?

ರಾಯಚೂರಿನಿಂದ (ಲ್ಯಾಬ್‌ನಲ್ಲಿ ಕೆಲಸ):
ಸರ್, ನೂರಕ್ಕೆ ಎಷ್ಟು ಅನ್ನೋದು ನಿಜ. ಆದರೆ ಕಣದ ವಯಸ್ಸನ್ನು ನೀವು ಬಿಟ್ಟಿರಿ. ಒಮ್ಮೆ ಅಂಟಿದ ಸಕ್ಕರೆ ಆ ಕಣ ಸಾಯೋ ತನಕ ಹೋಗೋದಿಲ್ಲ. ಹಾಗಾಗಿ ಕಣ ಹಳೆಯದಾದಷ್ಟೂ ಅಂಟಿದ್ದು ಜಾಸ್ತಿ. ಕಬ್ಬಿಣದ ಅಂಶ ಕಡಿಮೆಯಾದರೆ ಹೊಸ ಕಣ ಹುಟ್ಟೋದು ನಿಧಾನವಾಗುತ್ತದೆ, ಹಳೆಯವೇ ಹೆಚ್ಚಾಗಿ ಉಳಿಯುತ್ತವೆ. ಆಗ ಸಕ್ಕರೆ ಏರದಿದ್ದರೂ ಎಚ್‌ಬಿಎ1ಸಿ ಏರಬಹುದು. ಇದೊಂದೇ ಕಾರಣ ಅಂತ ಖಚಿತವಾಗಿ ಹೇಳೋಕಾಗಲ್ಲ, ಆದರೆ ಏರೋದನ್ನು ಕಂಡಿದ್ದಾರೆ.

ಆ ಅಕ್ಕನ ಲೆಕ್ಕವನ್ನೇ ನೋಡಿ. 6.7 ನಿಜವಾಗಿದ್ದರೆ ಅವರ ಸರಾಸರಿ ಸಕ್ಕರೆ ಸುಮಾರು 146 ಇರಬೇಕು. ಊಟ ಮಾಡಿದ ಮೇಲೂ 126 ಇರೋವಾಗ ಅದು ಹೊಂದೋದಿಲ್ಲ, ಅಲ್ವಾ? ಹೀಗೆ ಹೊಂದದಿದ್ದರೆ ಮೊದಲು ರಕ್ತಹೀನತೆ ಯಾಕೆ ಬಂತು ಅಂತ ನೋಡಬೇಕು, ಮೈಯಲ್ಲಿ ಕಬ್ಬಿಣದ ಸಂಗ್ರಹ ಎಷ್ಟಿದೆ ಅಂತ ತಿಳಿಸೋ ಫೆರಿಟಿನ್ ಪರೀಕ್ಷೆ ಮಾಡಿಸಬೇಕು. ಸಕ್ಕರೆ ಕಾಯಿಲೆ ಇದೆಯೋ ಇಲ್ಲವೋ ಅನ್ನೋದನ್ನು ಖಾಲಿ ಹೊಟ್ಟೆಯ ಪರೀಕ್ಷೆ, ಗ್ಲೂಕೋಸ್ ಕುಡಿಸಿ ಮಾಡೋ ಪರೀಕ್ಷೆಯಿಂದ ಡಾಕ್ಟರು ತೀರ್ಮಾನಿಸಲಿ. ರಕ್ತ ಸರಿಯಾಗಿ ಕೆಲವು ತಿಂಗಳಾದ ಮೇಲೆ ಎಚ್‌ಬಿಎ1ಸಿ ಮತ್ತೆ ಮಾಡಿಸಲಿ.

ಸಿಂಧನೂರಿನಿಂದ:
ನಮ್ಮಪ್ಪಂದು ಎಚ್‌ಬಿಎ1ಸಿ 8.9 ಇತ್ತು. ಆಪರೇಷನ್ ಆಗಿ ರಕ್ತ ಹಾಕಿದರು, ಮೂರು ವಾರ ಬಿಟ್ಟು ನೋಡಿದರೆ 7.2. ಅನ್ನ ಬಿಟ್ಟು ಜೋಳದ ರೊಟ್ಟಿ ಹಿಡಿದಿದ್ದಕ್ಕೇ ಇಳಿಯಿತು. ಕರಪತ್ರದಲ್ಲಿ ಅದನ್ನೂ ಹಾಕಿ.

ರಾಯಚೂರಿನಿಂದ:
ರೊಟ್ಟಿಯಿಂದ ಸ್ವಲ್ಪ ಇಳಿದಿರಬಹುದು. ಆದರೆ ಹಾಕಿದ ರಕ್ತದಲ್ಲಿರೋದು ಬೇರೆಯವರ ಕಣ. ರಕ್ತ ಹೋಗಿದ್ದರೆ ಹೊಸ ಕಣಗಳೂ ಜಾಸ್ತಿ ಹುಟ್ಟಿರುತ್ತವೆ, ಅವುಗಳಿಗೆ ಸಕ್ಕರೆ ಅಂಟೋಕೆ ಸಮಯವೇ ಸಿಕ್ಕಿರೋದಿಲ್ಲ. ದಯವಿಟ್ಟು ಆ 7.2 ನೋಡಿ ಮಾತ್ರೆ ಕಡಿಮೆ ಮಾಡಬೇಡಿ. ಮೂರು ತಿಂಗಳು ಕಳೆಯೋ ತನಕ ಮನೆಯ ಗ್ಲೂಕೋಮೀಟರ್ ಅಂಕಿಗಳನ್ನು ಬರೆದಿಟ್ಟು ಡಾಕ್ಟರಿಗೆ ತೋರಿಸಿ.

ಇನ್ನು ‘ಮೂರು ತಿಂಗಳು’ ಅನ್ನೋದೂ ಸಮನಾದ ಲೆಕ್ಕವಲ್ಲ. ಹತ್ತಿರ ಹತ್ತಿರ ಅರ್ಧ ಪಾಲು ಕಳೆದ ಒಂದು ತಿಂಗಳಿನದೇ.

ಕೊಪ್ಪಳದಿಂದ:
ಹಾಗಾದರೆ ‘ರಕ್ತಕಣಕ್ಕೆ ಅಂಟಿದ ಸಕ್ಕರೆ’ ಅಂತ ಬರೆಯಲಾ? ಕೆಳಗೆ ‘ರಕ್ತ ಕಡಿಮೆ ಇದ್ದರೆ, ಇತ್ತೀಚೆಗೆ ರಕ್ತ ಹಾಕಿಸಿದ್ದರೆ ಮೊದಲೇ ಹೇಳಿ’ ಅಂತ ಸೇರಿಸುತ್ತೇನೆ.

ಬಳ್ಳಾರಿಯಿಂದ:
ಕೆಳಗಿನ ಸಾಲು ಬೇಕೇ ಬೇಕು, ಒಪ್ಪಿದೆ. ಹೆಸರು ಮಾತ್ರ ಬದಲಿಸಬೇಡಿ. ಲ್ಯಾಬ್ ಕಿಟಕಿಯಲ್ಲಿ ‘ಅಂಟಿದ ಸಕ್ಕರೆ’ ಅಂದರೆ ಯಾರಿಗೆ ತಿಳಿಯುತ್ತೆ?